ಅವ್ವನಿಗೆ ಸರ್ಪಸುತ್ತು: ಗುಳ್ಳೆ ಕಂಡು ಮೂರನೆಯ ದಿನ, ಕೊಟ್ಟಿರುವ ಮಾತ್ರೆ ಸಾಕಾಗುತ್ತದೆಯೇ?

ಕಾಗಿಣಾ ದಂಡೆ · ಗುರುವಾರ, ಸಂಜೆ 6.40

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಕೆಲಸದ ನಿಮಿತ್ತ ಕಲಬುರಗಿಯಲ್ಲಿದ್ದೇನೆ, ಅವ್ವ ಊರಿನಲ್ಲಿದ್ದಾರೆ. ಅವರಿಗೆ 66 ವರ್ಷ, ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ. ಕಳೆದ ಶನಿವಾರದಿಂದ ಎಡಪಕ್ಕೆಯಲ್ಲಿ, ಎದೆಯ ಕೆಳಗಿನಿಂದ ಬೆನ್ನಿನವರೆಗೆ, ಒಳಗೆ ಯಾರೋ ಕೆಂಡ ಇಟ್ಟಂತೆ ಉರಿಯುತ್ತದೆ ಎನ್ನುತ್ತಿದ್ದರು. ಹೃದಯದ ತೊಂದರೆಯಿರಬಹುದೆಂದು ಹೆದರಿ ಸೋಮವಾರ ಇಸಿಜಿ ಮಾಡಿಸಿದೆವು. ಅದು ಸರಿಯಾಗಿಯೇ ಬಂದಿದ್ದರಿಂದ ಗ್ಯಾಸಿನ ಮಾತ್ರೆ ಕೊಟ್ಟು ಕಳುಹಿಸಿದರು. ಮಂಗಳವಾರ ಬೆಳಿಗ್ಗೆ ಎಂಟರ ಸುಮಾರಿಗೆ ಸ್ನಾನ ಮಾಡುವಾಗ ಅದೇ ಜಾಗದಲ್ಲಿ ಕೆಂಪು ಗಂಧೆಗಳೂ ಅವುಗಳ ಮೇಲೆ ಸಣ್ಣ ನೀರ್ಗುಳ್ಳೆಗಳೂ ಗೊಂಚಲಾಗಿ ಕಂಡವು. ಅದಕ್ಕೂ ಮೊದಲು ಚರ್ಮ ನುಣುಪಾಗಿಯೇ ಇತ್ತೆಂದು ತಂಗಿ ಹೇಳುತ್ತಾಳೆ.

ಬುಧವಾರ ರಾತ್ರಿ ಹತ್ತಿರದ ಔಷಧ ಅಂಗಡಿಯಲ್ಲಿ ಅಸೈಕ್ಲೋವಿರ್ 400 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಐದು ದಿನಕ್ಕೆ, ಹಚ್ಚಲು ಅದೇ ಹೆಸರಿನ ಟ್ಯೂಬು, ನೋವಿಗೆ ಡೈಕ್ಲೋಫೆನಾಕ್ ಕೊಟ್ಟಿದ್ದಾರೆ. ಇಂದಿಗೂ ಹೊಸ ಗುಳ್ಳೆಗಳು ಏಳುತ್ತಿವೆ. ಈ ಮಾತ್ರೆಯ ಪ್ರಮಾಣ ಸರಿಯೇ? ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನೋವು ಉಳಿಯುತ್ತದೆ ಎನ್ನುತ್ತಾರೆ, ಅದನ್ನು ಈಗಲೇ ತಡೆಯಲು ಏನು ಮಾಡಬೇಕು? ಇನ್ನೊಂದು ಚಿಂತೆಯೆಂದರೆ, ತಂಗಿ ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದು ಅವ್ವನ ಜೊತೆಯಲ್ಲಿಯೇ ಇದ್ದಾಳೆ.

ಭಾಲ್ಕಿ ಬಯಲು · ಗುರುವಾರ, ಸಂಜೆ 6.52

ಅಣ್ಣಾ, ವೈರಸ್ ಮಾತ್ರೆಗೆ 72 ಗಂಟೆಯ ಗಡುವಿದೆ. ನಮ್ಮ ದೊಡ್ಡಪ್ಪನವರಿಗೆ ಆದಾಗ ವೈದ್ಯರು ಹೀಗೆಯೇ ಹೇಳಿದ್ದರು. ಶನಿವಾರ ನೋವು ಶುರುವಾಗಿದ್ದರೆ ಮಂಗಳವಾರಕ್ಕೇ ಆ ಗಡುವು ಮುಗಿದಿದೆ. ಇನ್ನು ಮಾತ್ರೆಗೆ ಹಣ ಸುರಿಯುವುದರಿಂದ ಪ್ರಯೋಜನವಿಲ್ಲ, ನೋವಿಗೆ ಮಾತ್ರ ನೋಡಿಕೊಳ್ಳಿ.

ಬಿಳಿ ಕೋಟು, ಕಲಬುರಗಿ · ಗುರುವಾರ, ಸಂಜೆ 7.05

ನಾನು ಚರ್ಮರೋಗ ವೈದ್ಯೆ. ಭಾಲ್ಕಿಯವರು ಹೇಳಿದ ಗಡುವು ನಿಜ, ಆದರೆ ಅದನ್ನು ಎಣಿಸಬೇಕಾದದ್ದು ನೋವು ಶುರುವಾದ ದಿನದಿಂದಲ್ಲ, ಚರ್ಮದ ಮೇಲೆ ಮೊದಲ ಗಂಧೆ ಕಂಡ ಗಳಿಗೆಯಿಂದ. ಈ ಕಾಯಿಲೆಯಲ್ಲಿ ನೋವು ಗುಳ್ಳೆಗಿಂತ ಎರಡು ಮೂರು ದಿನ ಮುಂಚೆಯೇ ಬರುವುದು ಸಾಮಾನ್ಯ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಮಲಗಿರುತ್ತದೆ. ಅದು ಎಚ್ಚೆತ್ತು ಒಂದು ನರದ ಗುಂಟ ಚರ್ಮಕ್ಕೆ ಬರುವಾಗ ದಾರಿಯಲ್ಲಿಯೇ ನರವನ್ನು ಕೆರಳಿಸುತ್ತದೆ. ಎಡಪಕ್ಕೆಯಲ್ಲಿ ಬಂದ ಆ ನೋವನ್ನು ಹೃದಯದ್ದೆಂದು ಸಂಶಯಿಸಿ ಇಸಿಜಿ ಮಾಡಿಸಿದ್ದು ಸರಿಯಾದ ಕ್ರಮವೇ.

ಹಾಗಾಗಿ ನಿಮ್ಮ ಲೆಕ್ಕ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ನಾಳೆ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ. ಈ ರಾತ್ರಿಯೇ ಸರಿಯಾದ ಪ್ರಮಾಣ ಹೊಟ್ಟೆಗೆ ಹೋಗಬೇಕು. ಈಗ ಕೊಟ್ಟಿರುವುದು ಸಾಲದು: ಸರ್ಪಸುತ್ತಿಗೆ ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಬಾರಿ, ಏಳು ದಿನ. ಅಂದರೆ ದಿನಕ್ಕೆ 4,000 ಮಿಲಿಗ್ರಾಂ ಬೇಕಾದಲ್ಲಿ ಅವರಿಗೆ 800 ಮಾತ್ರ ಹೋಗುತ್ತಿದೆ. ಆದರೆ ಪ್ರಮಾಣವನ್ನು ನೀವಾಗಿಯೇ ಏರಿಸಬೇಡಿ. ಈ ಔಷಧಗಳು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಸಕ್ಕರೆ ಮತ್ತು ಬಿಪಿ ಇರುವ ಹಿರಿಯರಲ್ಲಿ ಮೊದಲು ಕ್ರಿಯಾಟಿನಿನ್ ನೋಡಬೇಕು. ಇತ್ತೀಚಿನ ರಕ್ತಪರೀಕ್ಷೆಯ ವರದಿ ಇದೆಯೇ? ಅವರ ತೂಕ ಎಷ್ಟು? ಡೈಕ್ಲೋಫೆನಾಕ್ ಅನ್ನು ಅದು ತಿಳಿಯುವವರೆಗೆ ಕೊಡಬೇಡಿ.

ಕಾಗಿಣಾ ದಂಡೆ · ಗುರುವಾರ, ಸಂಜೆ 7.16

ಧನ್ಯವಾದ ಮೇಡಂ. ಕಳೆದ ತಿಂಗಳ ವರದಿಯನ್ನು ತಂಗಿ ಈಗಷ್ಟೇ ಫೋಟೋ ತೆಗೆದು ಕಳುಹಿಸಿದಳು. ಕ್ರಿಯಾಟಿನಿನ್ 1.4 ಎಂದಿದೆ. ತೂಕ 52 ಕಿಲೋ. ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ.

ಬಿಳಿ ಕೋಟು, ಕಲಬುರಗಿ · ಗುರುವಾರ, ಸಂಜೆ 7.31

1.4 ಎಂಬ ಅಂಕಿ ನೋಡಲು ಸಣ್ಣದು. ಆದರೆ 66 ವರ್ಷದ, 52 ಕಿಲೋ ತೂಕದ ಹೆಂಗಸಿನಲ್ಲಿ ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 32 ಮಿಲಿಲೀಟರ್ ಬರುತ್ತದೆ. ಎಲ್ಲ ಸರಿಯಿರುವವರಿಗೆ ವಾಲಸೈಕ್ಲೋವಿರ್ ಒಂದು ಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ಕೊಡುತ್ತೇವೆ. ಈ ಶಕ್ತಿ 30ರಿಂದ 49ರ ನಡುವೆ ಇದ್ದರೆ ಅದೇ ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ ಸಾಕೆನ್ನುತ್ತೇವೆ, 30ಕ್ಕಿಂತ ಕೆಳಗಿಳಿದರೆ ಇನ್ನೂ ಕಡಿಮೆ. ನಿಮ್ಮ ಅವ್ವ ಆ ಗಡಿಯ ಮೇಲೆಯೇ ನಿಂತಿದ್ದಾರೆ. ಕಳೆದ ತಿಂಗಳ ವರದಿಯ ಮೇಲೆ, ಅವರನ್ನು ನೋಡದೆ, ನಾನು ಇಲ್ಲಿಂದ ಔಷಧ ಬರೆಯುವುದು ತಪ್ಪಾಗುತ್ತದೆ. ಈ ರಾತ್ರಿಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ವರದಿಯನ್ನು ಕೈಯಲ್ಲಿ ಹಿಡಿದು ತೋರಿಸಿ. ಕ್ರಿಯಾಟಿನಿನ್ ಮತ್ತೊಮ್ಮೆ ನೋಡಬೇಕೆಂದು ಕೇಳಿ, ಆದರೆ ಅದರ ಫಲಿತಾಂಶಕ್ಕಾಗಿ ಮೊದಲ ಮಾತ್ರೆಯನ್ನು ನಾಳೆಗೆ ತಳ್ಳುವುದು ಬೇಡ.

ಡೈಕ್ಲೋಫೆನಾಕ್ ಬೇಡವೆಂದದ್ದಕ್ಕೆ ಕಾರಣವಿದೆ. ಟೆಲ್ಮಿಸಾರ್ಟನ್ ಇರುವವರಿಗೆ ಆ ಜಾತಿಯ ನೋವಿನ ಮಾತ್ರೆ ಸೇರಿ, ನಮ್ಮ ಬಿಸಿಲಿಗೆ ನೀರೂ ಕಡಿಮೆಯಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆಗ ವೈರಸ್ ಔಷಧ ದೇಹದಲ್ಲಿಯೇ ಉಳಿದು ಹಿರಿಯರು ತಡವರಿಸಿ ಮಾತನಾಡುವುದು, ಇಲ್ಲದ್ದು ಕಂಡಂತೆ ಆಡುವುದು ನಡೆಯುತ್ತದೆ. ಅಂಥದ್ದು ಕಂಡರೆ ಕಾಯದೆ ಆಸ್ಪತ್ರೆಗೆ ಬರಬೇಕು. ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ 650, ಆರು ಗಂಟೆಗೊಂದರಂತೆ ಕೊಡಬಹುದು.

ಆಳಂದದ ಹೊಲಗಾರ · ಗುರುವಾರ, ರಾತ್ರಿ 7.44

ವೈದ್ಯರ ಮಾತಿಗೆ ಅಡ್ಡ ಬರುತ್ತಿಲ್ಲ. ಆದರೆ ನಮ್ಮ ಕಡೆ ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕುವವರ ಬಳಿ ಮೂರು ದಿನ ಕರೆದುಕೊಂಡು ಹೋದರೆ ಇಳಿಯುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ತಲೆ ಮತ್ತು ಬಾಲ ಕೂಡಿದರೆ ಜೀವಕ್ಕೆ ಅಪಾಯ ಎನ್ನುತ್ತಾರಲ್ಲ, ಅದಕ್ಕೂ ಮೊದಲೇ ತಡೆಯಬೇಕು.

ಸುರಪುರದ ನಿವೃತ್ತ ಶಿಕ್ಷಕ · ಗುರುವಾರ, ರಾತ್ರಿ 8.02

ಹೊಲಗಾರರೇ, ನನಗೂ ಕೆಮ್ಮಣ್ಣು ಹಚ್ಚಿದ್ದರು. ಗುಳ್ಳೆಗಳು ಒಣಗಿದ್ದೂ ನಿಜ. ಆದರೆ ಏನೂ ಹಚ್ಚದಿದ್ದರೂ ಅವು ಹತ್ತು ದಿನಗಳ ಆಸುಪಾಸಿನಲ್ಲಿ ಹೆಕ್ಕಳೆ ಕಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಉದುರುತ್ತವೆ ಎಂಬುದು ಆಮೇಲೆ ತಿಳಿಯಿತು. ನನ್ನಲ್ಲಿ ಉಳಿದದ್ದು ನೋವು. ಎರಡು ವರ್ಷಗಳಾದರೂ ಬಲಭುಜದ ಕೆಳಗೆ ಅಂಗೈಯಗಲದ ಜಾಗದಲ್ಲಿ ಅಂಗಿಯ ಬಟ್ಟೆ ಸವರಿದರೆ ಬ್ಲೇಡಿನಿಂದ ಗೀರಿದಂತಾಗುತ್ತದೆ. ಆದರೆ ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಅಷ್ಟು ನೋವಿಲ್ಲ. ಫ್ಯಾನಿನ ಗಾಳಿ ತಾಗಿದರೂ ಎಚ್ಚರವಾಗುವ ರಾತ್ರಿಗಳಿವೆ. ಮಂತ್ರದ ಬಗ್ಗೆ ನನಗೆ ತಕರಾರಿಲ್ಲ, ಮನಸ್ಸಿಗೆ ಧೈರ್ಯ ಬರುವುದಾದರೆ ಮಾಡಿಸಿಕೊಳ್ಳಲಿ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಹೋಗಲಿ ಎಂಬುದಷ್ಟೇ ನನ್ನ ವಿನಂತಿ.

ಬಿಳಿ ಕೋಟು, ಕಲಬುರಗಿ · ಗುರುವಾರ, ರಾತ್ರಿ 8.10

ಗುರುಗಳು ಹೇಳಿದ್ದರಲ್ಲಿ ಎಲ್ಲವೂ ಇದೆ. ತಲೆ ಮತ್ತು ಬಾಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ರತಿಯೊಂದು ನರವೂ ದೇಹದ ಅರ್ಧಭಾಗಕ್ಕೆ ಮಾತ್ರ ಹೋಗುವುದರಿಂದ ಗುಳ್ಳೆಗಳು ಬೆನ್ನುಮೂಳೆಯ ಬಳಿಯೂ ಎದೆಯ ನಡುಗೆರೆಯ ಬಳಿಯೂ ನಿಂತುಬಿಡುತ್ತವೆ, ಸುತ್ತು ಪೂರ್ಣವಾಗುವುದಿಲ್ಲ. ಎರಡೂ ಕಡೆ ಬಂದರೆ, ಅಥವಾ ಮೈಮೇಲೆ ಅಲ್ಲಲ್ಲಿ ಹರಡಿದರೆ, ದೇಹದ ರೋಗನಿರೋಧಕ ಶಕ್ತಿ ಕುಗ್ಗಿದೆಯೇ ಎಂದು ನಾವು ಹುಡುಕುತ್ತೇವೆ. ಅಂಥವರನ್ನು ಆಸ್ಪತ್ರೆಯಲ್ಲಿಟ್ಟು ರಕ್ತನಾಳದ ಮೂಲಕ ಔಷಧ ಕೊಡಬೇಕಾಗಬಹುದು. ಕೆಮ್ಮಣ್ಣು, ಸುಣ್ಣ, ಸೊಪ್ಪಿನ ರಸ ಒಡೆದ ಗುಳ್ಳೆಗೆ ತಾಗಿದರೆ ಕೀವಾಗುತ್ತದೆ, ಸಕ್ಕರೆ ಇರುವವರಲ್ಲಿ ಇನ್ನೂ ಬೇಗ.

ಹುಮನಾಬಾದ್ ಔಷಧ ಅಂಗಡಿ · ಗುರುವಾರ, ರಾತ್ರಿ 8.25

ನಾನು ಫಾರ್ಮಸಿಸ್ಟ್. ಈ ಕಡಿಮೆ ಪ್ರಮಾಣದ ಸಮಸ್ಯೆ ನಮ್ಮ ಭಾಗದಲ್ಲಿ ಪದೇ ಪದೇ ಕಾಣುತ್ತೇನೆ. 400ರ ಮಾತ್ರೆ ದಿನಕ್ಕೆರಡು ಎಂಬ ಲೆಕ್ಕ ಮೂಲತಃ ಬೇರೆ ಹರ್ಪಿಸ್ ಮರುಕಳಿಸದಂತೆ ತಡೆಯಲು ಕೊಡುವುದು. ಸರ್ಪಸುತ್ತಿನ ವೈದ್ಯಕೀಯ ಹೆಸರಿನಲ್ಲಿಯೂ ಹರ್ಪಿಸ್ ಎಂದಿರುವುದರಿಂದ ಅದೇ ಚೀಟಿ ಇದಕ್ಕೂ ನಡೆದುಬಿಡುತ್ತದೆ. ಟ್ಯೂಬು ಕೂಡ ಹಾಗೆಯೇ: ವೈರಸ್ ನರದೊಳಗೆ ಇರುವಾಗ ಚರ್ಮದ ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ತಲುಪುವುದಿಲ್ಲ.

800ರ ಅಸೈಕ್ಲೋವಿರ್ ಬರೆದರೆ ಏಳು ದಿನಕ್ಕೆ 35 ಮಾತ್ರೆ ಬೇಕು. ಅನೇಕರು ಹತ್ತು ಮಾತ್ರೆ ಒಯ್ದು ಗುಳ್ಳೆ ಒಣಗಿತೆಂದು ಮತ್ತೆ ಬರುವುದಿಲ್ಲ. ನಾನು ಪೊಟ್ಟಣದ ಮೇಲೆ ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 7, ರಾತ್ರಿ 11 ಎಂದು ಪೆನ್ನಿನಿಂದ ಬರೆದು ಕೊಡುತ್ತೇನೆ. ಓದಲು ಬಾರದವರಿಗೆ ಊಟ, ಚಹಾದ ಹೊತ್ತಿಗೆ ಹೊಂದಿಸಿ ಹೇಳುತ್ತೇನೆ. ವಾಲಸೈಕ್ಲೋವಿರ್ ಬೆಲೆ ಹೆಚ್ಚಾದರೂ ಹೊತ್ತುಗಳು ಕಡಿಮೆಯಿರುವುದರಿಂದ ತಪ್ಪುವುದೂ ಕಡಿಮೆ. ಅಣ್ಣನವರು ಹೊರಡುವ ಮುನ್ನ ಚಿತ್ತಾಪುರದ ಅಂಗಡಿಗಳಿಗೆ ಫೋನ್ ಮಾಡಿ ಒಂದು ಗ್ರಾಂ ಮಾತ್ರೆ ಇದೆಯೇ ಎಂದು ಕೇಳಿಕೊಳ್ಳಲಿ. ಅದಿಲ್ಲದಿದ್ದರೆ 500ರ ಎರಡು ಮಾತ್ರೆ ಸೇರಿಸಿದರೂ ಅದೇ ಪ್ರಮಾಣ.

ಯಾದಗಿರಿಯ ಗೃಹಿಣಿ · ಗುರುವಾರ, ರಾತ್ರಿ 8.33

ನಮ್ಮ ಮನೆಯವರಿಗೆ ಕಳೆದ ಮಳೆಗಾಲದಲ್ಲಿ ಕುತ್ತಿಗೆಯ ಮೇಲೆ ಗೆರೆ ಎಳೆದಂತೆ ಉರಿಯುವ ಗುಳ್ಳೆ ಬಂದಿತ್ತು. ದೀಪದ ಕೆಳಗೆ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಆಗಿತ್ತು. ಸರ್ಪಸುತ್ತೆಂದೇ ತಿಳಿದು ಹೆದರಿದ್ದೆವು, ಏನೂ ಮಾಡದೆ ವಾರದಲ್ಲಿ ಹೋಯಿತು. ಹಾಗಿದ್ದರೆ ಇಷ್ಟೊಂದು ಮಾತ್ರೆ ಏಕೆ?

ಬಿಳಿ ಕೋಟು, ಕಲಬುರಗಿ · ಗುರುವಾರ, ರಾತ್ರಿ 8.41

ಅಕ್ಕಾ, ನೀವು ವರ್ಣಿಸಿದ್ದು ಬಹುತೇಕ ಹುಳದ ರಸ ತಾಗಿ ಆದ ಗಾಯ. ದೀಪಕ್ಕೆ ಬರುವ ಒಂದು ಸಣ್ಣ ಹುಳವನ್ನು ನಿದ್ದೆಗಣ್ಣಿನಲ್ಲಿ ಒರೆಸಿಬಿಟ್ಟರೆ ಅದು ಜಜ್ಜಿದ ಗುಂಟ ಚರ್ಮ ಸುಡುತ್ತದೆ. ಅದರಲ್ಲಿ ಹಲವು ದಿನ ಮುಂಚಿತವಾಗಿ ಬರುವ ಒಳನೋವು ಇರುವುದಿಲ್ಲ. ಇವರ ಅವ್ವನಿಗೆ ಮೂರು ದಿನ ಮೊದಲೇ ನೋವಿತ್ತು, ಗುಳ್ಳೆಗಳು ಬೆನ್ನಿನಿಂದ ಎದೆಯವರೆಗೆ ಒಂದೇ ಪಟ್ಟಿಯಲ್ಲಿ ಗೊಂಚಲು ಗೊಂಚಲಾಗಿವೆ. ಎರಡೂ ಬೇರೆ.

ಶಹಾಪುರದ ಶುಶ್ರೂಷಕಿ · ಗುರುವಾರ, ರಾತ್ರಿ 9.05

ಮಾತ್ರೆಯ ವಿಷಯ ಆಯಿತು, ಗಾಯದ ಆರೈಕೆಯನ್ನು ನಾನು ಹೇಳುತ್ತೇನೆ. ಮಹಿಳಾ ವಾರ್ಡಿನಲ್ಲಿ ಇಂಥ ಅಜ್ಜಿಯರನ್ನು ನೋಡಿಕೊಂಡ ಅನುಭವವಿದೆ. ಸ್ನಾನ ಬಿಡಿಸಬೇಡಿ. ದಿನಕ್ಕೊಮ್ಮೆ ತಣ್ಣನೆಯ ಶುದ್ಧ ನೀರು ಮತ್ತು ಸಾದಾ ಸಾಬೂನಿನಿಂದ ಉಜ್ಜದೆ ತೊಳೆದು, ಬಟ್ಟೆಯನ್ನು ಒತ್ತಿ ನೀರು ತೆಗೆಯಿರಿ. ಗುಳ್ಳೆ ಚುಚ್ಚಬೇಡಿ. ಒಡೆದ ಜಾಗಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ ಅಂಟಿಕೊಳ್ಳದ ಗಾಜ್ ಬಟ್ಟೆ ಹೊದಿಸಿ, ಅಂಟುಪಟ್ಟಿಯನ್ನು ಗುಳ್ಳೆಗಳಿಂದ ದೂರ ಹಾಕಿ. ಒಣಹತ್ತಿಯನ್ನು ನೇರವಾಗಿ ಇಟ್ಟರೆ ಮರುದಿನ ತೆಗೆಯುವಾಗ ಹೊಸ ಚರ್ಮವೂ ಕಿತ್ತುಬರುತ್ತದೆ. ಹಿರಿಯ ಹೆಂಗಸರಲ್ಲಿ ದೊಡ್ಡ ತೊಂದರೆ ಬಿಗಿಯಾದ ಕುಪ್ಪಸ. ಅದರ ಅಂಚು ಸರಿಯಾಗಿ ಈ ಪಟ್ಟಿಯ ಮೇಲೆಯೇ ಕೂರುತ್ತದೆ. ಕೆಲವು ದಿನ ಮಗನ ಹಳೆಯ ಸಡಿಲ ಹತ್ತಿ ಅಂಗಿಯನ್ನು ಹಾಕಿಸಿ. ಸಂಕೋಚಪಡುತ್ತಾರೆ, ಆದರೆ ಮೊದಲ ರಾತ್ರಿಯೇ ನಿದ್ದೆ ಬಂದರೆ ತಾವೇ ಕೇಳುತ್ತಾರೆ.

ಉರಿ ಹೆಚ್ಚಾದಾಗ ಒದ್ದೆ ಮಾಡಿ ಹಿಂಡಿದ ತಂಪು ಬಟ್ಟೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಬಹುದು, ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು. ಪಟ್ಟಿಯ ಸುತ್ತ ಕೆಂಪು ದಿನದಿಂದ ದಿನಕ್ಕೆ ಅಗಲವಾದರೆ, ಕೀವು ಕಂಡರೆ, ಹೊಸದಾಗಿ ಜ್ವರ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಈ ವಾರ ಸಕ್ಕರೆಯನ್ನೂ ಹೆಚ್ಚು ಬಾರಿ ನೋಡಿಸಿ.

ತಂಗಿಯ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ಅವರಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತೇ ಎಂಬುದು. ಆಗಿದ್ದರೆ ಭಯವಿಲ್ಲ. ಆಗಿಲ್ಲವೆಂದರೆ, ಅಥವಾ ಗೊತ್ತಿಲ್ಲವೆಂದರೆ, ನಾಳೆಯೇ ಅವರ ಹೆರಿಗೆ ವೈದ್ಯರಿಗೆ ತಿಳಿಸಬೇಕು. ರಕ್ತಪರೀಕ್ಷೆಯಿಂದ ನೋಡಬಹುದು. ಗುಳ್ಳೆಯ ನೀರು ತಾಗುವುದರಿಂದ ಅವರಿಗೆ ಸರ್ಪಸುತ್ತು ಬರುವುದಿಲ್ಲ, ಸೀತಾಳೆ ಸಿಡುಬು ಬರಬಹುದು. ಎಲ್ಲ ಗುಳ್ಳೆಗಳೂ ಹೆಕ್ಕಳೆ ಕಟ್ಟುವವರೆಗೆ ಗಾಯ ತೊಳೆಯುವ ಕೆಲಸವನ್ನು ಬೇರೆಯವರು ಮಾಡಲಿ, ಅವ್ವನ ಟವೆಲ್ ಮತ್ತು ಹಾಸಿಗೆ ಬೇರೆ ಇರಲಿ.

ಸೇಡಂ ಸುಣ್ಣಗಲ್ಲು · ಗುರುವಾರ, ರಾತ್ರಿ 9.20

ಪಕ್ಕೆಯಲ್ಲಿ ಬಂದಿರುವುದರಿಂದ ಇಷ್ಟು ಸಮಾಧಾನವಾಗಿ ಚರ್ಚಿಸುತ್ತಿದ್ದೇವೆ. ನಮ್ಮ ಸೋದರಮಾವನಿಗೆ ಹಣೆಯ ಮೇಲೆ ಬಂದು ಮೂಗಿನ ತುದಿಯಲ್ಲಿ ಒಂದೇ ಒಂದು ಗುಳ್ಳೆ ಎದ್ದಿತ್ತು. ಅದನ್ನು ಕಂಡ ಕೂಡಲೇ ವೈದ್ಯರು ಕಣ್ಣಿನ ವಿಭಾಗಕ್ಕೆ ಕಳುಹಿಸಿದರು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆಯಂತೆ. ಕಣ್ಣು ಉಳಿಯಿತು. ಮುಖದ ಮೇಲೆ ಬಂದವರು ಈ ಚರ್ಚೆ ಓದುತ್ತಿದ್ದರೆ ಗಂಟೆ ಎಣಿಸದೆ ಅದೇ ದಿನ ಕಣ್ಣು ತೋರಿಸಿ.

ಕಾಗಿಣಾ ದಂಡೆ · ಶುಕ್ರವಾರ, ಬೆಳಿಗ್ಗೆ 7.10

ರಾತ್ರಿಯೇ ಊರಿಗೆ ಹೋಗಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದೆ. ಕರ್ತವ್ಯದಲ್ಲಿದ್ದ ವೈದ್ಯರು ವರದಿ ನೋಡಿ ವಾಲಸೈಕ್ಲೋವಿರ್ ಒಂದು ಗ್ರಾಂ, ಹನ್ನೆರಡು ಗಂಟೆಗೊಮ್ಮೆ, ಏಳು ದಿನ ಎಂದು ಬರೆದರು. ಡೈಕ್ಲೋಫೆನಾಕ್ ಮತ್ತು ಟ್ಯೂಬನ್ನು ನಿಲ್ಲಿಸಿದರು. ರಾತ್ರಿ ಹತ್ತೂವರೆಗೆ ಮೊದಲ ಮಾತ್ರೆ ಕೊಟ್ಟೆವು. ಇಂದು ಬೆಳಿಗ್ಗೆ ರಕ್ತ ಕೊಡಬೇಕು. ತಂಗಿಗೆ ಎರಡನೆಯ ತರಗತಿಯಲ್ಲಿದ್ದಾಗ ಮೈತುಂಬ ಸೀತಾಳೆ ಸಿಡುಬು ಎದ್ದಿದ್ದನ್ನು ಅವ್ವನೇ ನೆನಪಿಸಿದರು, ಹಣೆಯ ಮೇಲೆ ಕಲೆಯೂ ಇದೆ.

ಭಾಲ್ಕಿ ಬಯಲು · ಶುಕ್ರವಾರ, ಬೆಳಿಗ್ಗೆ 8.02

ಒಳ್ಳೆಯದಾಯಿತು ಅಣ್ಣಾ. ಮೇಡಂ, ಒಂದು ಪ್ರಶ್ನೆ. 72 ಗಂಟೆ ನಿಜವಾಗಿಯೂ ಮೀರಿದವರು ಏನು ಮಾಡಬೇಕು? ನಮ್ಮ ಹಳ್ಳಿಗಳಲ್ಲಿ ನಾಲ್ಕನೆಯ, ಐದನೆಯ ದಿನ ಬರುವವರೇ ಹೆಚ್ಚು.

ಬಿಳಿ ಕೋಟು, ಕಲಬುರಗಿ · ಶುಕ್ರವಾರ, ಮಧ್ಯಾಹ್ನ 1.48

ಆ ಗಡುವು ಬಾಗಿಲು ಮುಚ್ಚುವ ಗಂಟೆಯಲ್ಲ. ಔಷಧದ ಪ್ರಯೋಗಗಳಲ್ಲಿ ಹೆಚ್ಚಾಗಿ 72 ಗಂಟೆಯೊಳಗೆ ಬಂದವರನ್ನೇ ಸೇರಿಸಿಕೊಂಡಿದ್ದರಿಂದ ಆ ಅಂಕಿ ಬಳಕೆಗೆ ಬಂದಿದೆ. ಐದನೆಯ ದಿನವೂ ಹೊಸ ಗುಳ್ಳೆ ಏಳುತ್ತಿದ್ದರೆ ವೈರಸ್ ಇನ್ನೂ ಬೆಳೆಯುತ್ತಿದೆ ಎಂದರ್ಥ, ಹಾಗಾಗಿ ನಾನು ಕೊಡುತ್ತೇನೆ. ಕಣ್ಣು ಅಥವಾ ಕಿವಿಯ ಸುತ್ತ ಬಂದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಎಚ್‌ಐವಿ ಇರುವವರಿಗೆ ದಿನ ನೋಡದೆ ಕೊಡುತ್ತೇವೆ. ಎಲ್ಲವೂ ಹೆಕ್ಕಳೆ ಕಟ್ಟಿದ ಆರೋಗ್ಯವಂತರಿಗೆ ಮಾತ್ರ ಅದರಿಂದ ಲಾಭವಿಲ್ಲ.

ಇನ್ನು, ಮಾತ್ರೆ ಬೇಗ ಕೊಟ್ಟರೆ ಮುಂದಿನ ನೋವು ಬರುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ಅದು ಗುಳ್ಳೆಯನ್ನು ಬೇಗ ಒಣಗಿಸುತ್ತದೆ, ಮೊದಲ ವಾರಗಳ ನೋವನ್ನು ತಗ್ಗಿಸುತ್ತದೆ. ಆದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ ವಿಮರ್ಶೆಯಲ್ಲಿ, ಅಸೈಕ್ಲೋವಿರ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ನಾಲ್ಕು ಮತ್ತು ಆರು ತಿಂಗಳ ನಂತರದ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೂ ನಾನು ಕೊಡುವುದನ್ನು ಬಿಡುವುದಿಲ್ಲ. ಮೊದಲ ವಾರದಲ್ಲಿ ಅರವತ್ತು ದಾಟಿದವರು ಅನುಭವಿಸುವ ನೋವನ್ನು ಹತ್ತಿರದಿಂದ ಕಂಡವರಿಗೆ, ಅದು ಸ್ವಲ್ಪ ಇಳಿದರೂ ದೊಡ್ಡ ಲಾಭವೆಂದು ಗೊತ್ತಿರುತ್ತದೆ.

ಬಸವಕಲ್ಯಾಣದ ಮಗಳು · ಶುಕ್ರವಾರ, ಸಂಜೆ 5.15

ಹಾಗಾದರೆ ನೋವು ಉಳಿಯದಂತೆ ತಡೆಯುವುದು ಯಾವುದು? ನಮ್ಮ ತಂದೆಯವರಿಗೆ ಇಲ್ಲಿನ ಒಬ್ಬ ವೈದ್ಯರು ನರದ ಊತ ಇಳಿಯಲೆಂದು ಸ್ಟೀರಾಯ್ಡ್ ಮಾತ್ರೆ ಬರೆದಿದ್ದರು. ಎರಡನೆಯ ದಿನವೇ ಸಕ್ಕರೆ 380 ದಾಟಿತು. ಇನ್ನೊಬ್ಬರು ಗ್ಯಾಬಪೆಂಟಿನ್ 300 ಅನ್ನು ಮೊದಲ ದಿನದಿಂದಲೇ ಮೂರು ಹೊತ್ತು ಕೊಟ್ಟರು. ರಾತ್ರಿ ಬಚ್ಚಲಿಗೆ ಎದ್ದವರು ತೂಕಡಿಸಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೋವು ತಡೆಯಲು ಹೋಗಿ ಎರಡು ನೋವಾಯಿತು. ಹಿರಿಯರಿಗೆ ಈ ನರದ ಮಾತ್ರೆಗಳೇ ಬೇಡವೆಂಬುದು ನನ್ನ ಅಭಿಪ್ರಾಯ.

ಸುರಪುರದ ನಿವೃತ್ತ ಶಿಕ್ಷಕ · ಶುಕ್ರವಾರ, ಸಂಜೆ 5.40

ಬೇಡವೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ ತಾಯಿ. ನನಗೆ ಅದೇ ಮಾತ್ರೆಯಿಂದ ನಿದ್ದೆ ಮರಳಿತು. ನನಗೆ ಕೊಟ್ಟವರು ರಾತ್ರಿ 100 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವು ದಿನಗಳಿಗೊಮ್ಮೆ ಏರಿಸುತ್ತ ಹೋದರು. ಮಂಚದ ಪಕ್ಕ ದೀಪ ಹಾಕಿಸಿಕೊಂಡೆ, ರಾತ್ರಿ ಎದ್ದರೆ ಹೆಂಡತಿಯನ್ನು ಎಬ್ಬಿಸಿಯೇ ಎದ್ದೆ.

ಬಿಳಿ ಕೋಟು, ಕಲಬುರಗಿ · ಶುಕ್ರವಾರ, ರಾತ್ರಿ 9.30

ಇಬ್ಬರ ಅನುಭವವೂ ಸತ್ಯ. ಸ್ಟೀರಾಯ್ಡ್ ಮುಂದಿನ ನರನೋವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸಕ್ಕರೆ ಇರುವವರಲ್ಲಿ ಹಾನಿ ಮಾತ್ರ ಖಚಿತ. ಗ್ಯಾಬಪೆಂಟಿನ್ ಅನ್ನು ಮೊದಲ ದಿನದಿಂದ ಕೊಟ್ಟರೆ ಮುಂದಿನ ನೋವು ತಪ್ಪುತ್ತದೆ ಎಂಬುದೂ ಸಿದ್ಧವಾಗಿಲ್ಲ. ಆದರೆ ಈಗಿರುವ ನೋವಿಗೆ ಅದು ಕೆಲಸ ಮಾಡುತ್ತದೆ. ಅರವತ್ತು ದಾಟಿದವರಿಗೆ ಮೊದಲಿನಿಂದಲೇ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ ಕೊಟ್ಟ 1997ರ ಒಂದು ಸಣ್ಣ ಪ್ರಯೋಗದಲ್ಲಿ ಆರು ತಿಂಗಳ ನಂತರ ನೋವು ಉಳಿದವರ ಸಂಖ್ಯೆ ಅರ್ಧಕ್ಕಿಳಿದಿತ್ತು. ಅದರ ಬಲದಿಂದ ಎಲ್ಲ ಹಿರಿಯರಿಗೂ ಬರೆಯುವ ವೈದ್ಯರಿದ್ದಾರೆ. ಹೃದಯದ ಲಯ, ಮೂತ್ರ ಕಟ್ಟುವ ತೊಂದರೆ, ಕಣ್ಣಿನ ಒತ್ತಡ ಇವುಗಳ ಭಯದಿಂದ ನಾನು ಬರೆಯುವುದಿಲ್ಲ. ಈ ವಿಷಯದಲ್ಲಿ ನಮ್ಮೊಳಗೆ ಒಮ್ಮತವಿಲ್ಲ.

ನಾನು ನೋಡುವುದು ರಾತ್ರಿಯನ್ನು. ಪ್ಯಾರಾಸಿಟಮಾಲ್ ಕೊಟ್ಟ ಮೇಲೂ ನೋವು ನಿದ್ದೆ ಕೆಡಿಸುತ್ತಿದ್ದರೆ ನರದ ಮಾತ್ರೆ ಸೇರಿಸುತ್ತೇನೆ. ಮೂತ್ರಪಿಂಡ ದುರ್ಬಲವಿದ್ದರೆ ರಾತ್ರಿ 100ರಿಂದಲೇ ಶುರು. ಮೊದಲ ದಿನಗಳ ನೋವು ತೀವ್ರವಾಗಿದ್ದವರಲ್ಲಿ, ಗುಳ್ಳೆಗಳು ದಟ್ಟವಾಗಿದ್ದವರಲ್ಲಿ, ವಯಸ್ಸಾದವರಲ್ಲಿ ನೋವು ಉಳಿಯುವ ಸಂಭವ ಹೆಚ್ಚು. ಅಂಥವರನ್ನು ಗುಳ್ಳೆ ಒಣಗಿತೆಂದು ಕೈಬಿಡದೆ ಎರಡು ವಾರಕ್ಕೊಮ್ಮೆ ಕರೆಸಿಕೊಳ್ಳಬೇಕು.

ಕಾಗಿಣಾ ದಂಡೆ · ಮುಂದಿನ ಗುರುವಾರ, ರಾತ್ರಿ 8.15

ಮಾತ್ರೆ ಇಂದು ಮುಗಿಯುತ್ತದೆ. ಶುಕ್ರವಾರದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4ರಲ್ಲಿಯೇ ಇತ್ತು. ಶನಿವಾರದ ನಂತರ ಹೊಸ ಗುಳ್ಳೆ ಏಳಲಿಲ್ಲ, ಈಗ ಬಹುತೇಕ ಹೆಕ್ಕಳೆ ಕಟ್ಟಿದೆ. ಶುಶ್ರೂಷಕಿ ಅಕ್ಕನವರು ಹೇಳಿದಂತೆ ನನ್ನ ಹಳೆಯ ಅಂಗಿಯನ್ನು ಮೊದಲು ಬೇಡವೆಂದವರು ಈಗ ಬಿಡುತ್ತಿಲ್ಲ. ಆದರೆ ರಾತ್ರಿ ಎರಡರ ಹೊತ್ತಿಗೆ ಉರಿ ಎಬ್ಬಿಸುತ್ತಿತ್ತು. ಸೋಮವಾರ ಮತ್ತೆ ತೋರಿಸಿದಾಗ ಗ್ಯಾಬಪೆಂಟಿನ್ 100 ಅನ್ನು ರಾತ್ರಿ ಮಾತ್ರ ಕೊಟ್ಟಿದ್ದಾರೆ. ಎರಡು ರಾತ್ರಿಗಳಿಂದ ಬೆಳಗಿನವರೆಗೆ ಮಲಗುತ್ತಿದ್ದಾರೆ. ಅವ್ವ ಎದ್ದರೆ ತಿಳಿಯಲೆಂದು ಚಿಕ್ಕಮ್ಮ ಪಕ್ಕದಲ್ಲಿಯೇ ಮಲಗುತ್ತಾರೆ. ಈ ಮಾತ್ರೆಯನ್ನು ಎಷ್ಟು ದಿನ ಕೊಡಬೇಕು? ಇದಕ್ಕೆ ಲಸಿಕೆಯೂ ಇದೆಯಂತೆ, ಈಗ ಹಾಕಿಸಿದರೆ ನೋವು ಉಳಿಯುವುದು ತಪ್ಪುತ್ತದೆಯೇ?

ಬಿಳಿ ಕೋಟು, ಕಲಬುರಗಿ · ಮುಂದಿನ ಗುರುವಾರ, ರಾತ್ರಿ 9.02

ನಿದ್ದೆ ಬಂದಿದೆಯೆಂದರೆ ಸದ್ಯಕ್ಕೆ ಅದೇ ಪ್ರಮಾಣ ಇರಲಿ. ನೋವು ಇಳಿದ ಮೇಲೆ ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು, ಒಮ್ಮೆಲೇ ನಿಲ್ಲಿಸಬಾರದು. ಗುಳ್ಳೆ ಬಂದು ಮೂರು ತಿಂಗಳಾದರೂ ನೋವು ಉಳಿದಿದ್ದರೆ ಅದನ್ನು ಉಳಿದ ನರನೋವೆಂದು ಪರಿಗಣಿಸಿ ಚಿಕಿತ್ಸೆಯನ್ನು ಬದಲಿಸುತ್ತೇವೆ. ಚರ್ಮ ಪೂರ್ತಿ ಮಾಯ್ದ ಮೇಲೆ ಹಚ್ಚುವ ಲಿಡೊಕೇನ್ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಅಷ್ಟರವರೆಗೆ ಬಟ್ಟೆ ತಾಗಿದರೆ ಉರಿಯುತ್ತದೆಯೇ, ಜಾಗ ಜೋಮು ಹಿಡಿದಂತಿದೆಯೇ ಎಂದು ವಾರಕ್ಕೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಲಸಿಕೆ ಈಗಿನ ನೋವಿಗೆ ಚಿಕಿತ್ಸೆಯಲ್ಲ, ಅದು ಮತ್ತೊಮ್ಮೆ ಬರದಂತೆ ತಡೆಯುವುದಕ್ಕೆ. 2023ರಿಂದ ಭಾರತದಲ್ಲಿಯೂ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ಎರಡರಿಂದ ಆರು ತಿಂಗಳ ಅಂತರದಲ್ಲಿ. ಗುಳ್ಳೆ ಪೂರ್ತಿ ಮಾಯ್ದ ಮೇಲೆ ಅವ್ವನಿಗೂ ಹಾಕಿಸಬಹುದು. ಉಳಿದ ನೋವನ್ನು ಖಚಿತವಾಗಿ ತಡೆಯುವ ದಾರಿ ಕಾಯಿಲೆಯೇ ಬರದಂತೆ ನೋಡಿಕೊಳ್ಳುವುದು. ಆದ್ದರಿಂದ ನಿಮ್ಮ ಚಿಕ್ಕಮ್ಮನವರ ವಿಷಯದಲ್ಲಿ ಇದನ್ನು ಮೊದಲು ಯೋಚಿಸಿ.

ಆಳಂದದ ಹೊಲಗಾರ · ಮುಂದಿನ ಗುರುವಾರ, ರಾತ್ರಿ 9.20

ಬೆಲೆ ವಿಚಾರಿಸಿದೆ ಮೇಡಂ. ಎರಡು ಡೋಸಿಗೆ ಕೇಳಿದ ಹಣದಲ್ಲಿ ನಮ್ಮ ಒಂದು ಹಂಗಾಮಿನ ತೊಗರಿ ಬೀಜ, ಗೊಬ್ಬರ ಎರಡೂ ಬರುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದಿದ್ದರೆ ನಮ್ಮಂಥವರು ಹಾಕಿಸಿಕೊಳ್ಳುವುದು ಹೇಗೆ?

ಬಿಳಿ ಕೋಟು, ಕಲಬುರಗಿ · ಮುಂದಿನ ಗುರುವಾರ, ರಾತ್ರಿ 9.34

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಹಾಕಿಸಲು ಆಗದವರು ಗುಳ್ಳೆ ಕಂಡ ದಿನವೇ ವೈದ್ಯರ ಬಳಿ ಬರಬೇಕು, ಅಷ್ಟು ಮಾತ್ರ ಹೇಳಬಲ್ಲೆ.

ಹುಮನಾಬಾದ್ ಔಷಧ ಅಂಗಡಿ · ಮುಂದಿನ ಗುರುವಾರ, ರಾತ್ರಿ 9.50

ಹಾಕಿಸುವವರು ಇಷ್ಟು ಗಮನಿಸಿ. ಇದನ್ನು 2ರಿಂದ 8 ಡಿಗ್ರಿಯಲ್ಲಿಯೇ ಇಡಬೇಕು, ಹೆಪ್ಪುಗಟ್ಟಿದರೆ ಬಳಸುವಂತಿಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಸಿದ್ಧವಾಗಿ ಇರುವುದು ಅಪರೂಪ, ಮುಂಗಡವಾಗಿ ಹೇಳಿ ತರಿಸಬೇಕಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ನೀವೇ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯಬೇಡಿ. ಚುಚ್ಚುವ ಆಸ್ಪತ್ರೆಯ ಫ್ರಿಡ್ಜಿಗೇ ನೇರವಾಗಿ ತರಿಸಿ, ಎರಡನೆಯ ಡೋಸಿನ ದಿನಾಂಕವನ್ನು ಮೊದಲನೆಯ ದಿನವೇ ಚೀಟಿಯ ಮೇಲೆ ಬರೆಸಿಕೊಳ್ಳಿ.